ಟೇಸ್ಟಿಂಗ್ ಪೌಡರ್ ಮತ್ತು ತಲೆನೋವು

ಸಂಜೆ ಏಳರ ಹೊತ್ತಿಗೆ ನಮ್ಮ ಬೀದಿಯ ಕೊನೆಯಲ್ಲಿರುವ ಗೋಬಿ ಗಾಡಿಯ ಮುಂದೆ ನಿಂತರೆ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ. "ಅಣ್ಣಾ, ಟೇಸ್ಟಿಂಗ್ ಪೌಡರ್ ಹಾಕ್ಬೇಡಿ, ನಂಗೆ ತಲೆನೋವು ಬರುತ್ತೆ." ಗಾಡಿಯವನು "ಆಯ್ತಕ್ಕಾ" ಎಂದು ಬಿಳಿ ಹರಳಿನ ಡಬ್ಬಿಯನ್ನು ಪಕ್ಕಕ್ಕೆ ಸರಿಸುತ್ತಾನೆ. ಆಮೇಲೆ ಬಾಣಲೆಗೆ ಸೋಯಾ ಸಾಸ್ ಸುರಿಯುತ್ತಾನೆ, ಅದರ ಹಿಂದೆಯೇ ಟೊಮೆಟೊ ಸಾಸ್ ಬೀಳುತ್ತದೆ. ಕೇಳಿದವರಿಗೂ ಸಮಾಧಾನ, ಹಾಕದವನಿಗೂ ಸಮಾಧಾನ. ಆದರೆ ಆ ಡಬ್ಬಿಯಲ್ಲಿ ಇದ್ದದ್ದು ಯಾವ ವಸ್ತುವೋ ಅದೇ ವಸ್ತು ಹುದುಗಿಸಿ ಮಾಡಿದ ಸೋಯಾ ಸಾಸ್‌ನಲ್ಲೂ ಇದೆ, ಹಣ್ಣಾದ ಟೊಮೆಟೊದಲ್ಲೂ ಇದೆ.

ಆ ವಸ್ತುವಿನ ಹೆಸರು ಗ್ಲುಟಮೇಟ್. ನಾವು ತಿನ್ನುವ ಬೇಳೆ, ಗೋಧಿ, ಹಾಲು, ಮಾಂಸ ಎಲ್ಲದರಲ್ಲೂ ಇರುವ ಪ್ರೋಟೀನು ಸುಮಾರು ಇಪ್ಪತ್ತು ಬಗೆಯ ಅಮೈನೊ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಸರ. ಆ ಮಣಿಗಳಲ್ಲಿ ಒಂದು ಗ್ಲುಟಾಮಿಕ್ ಆಮ್ಲ. ಸರದೊಳಗೆ ಕಟ್ಟಿಕೊಂಡಿರುವಾಗ ಅದಕ್ಕೆ ರುಚಿಯಿಲ್ಲ. ಹಣ್ಣಾಗುವಾಗ, ಹುದುಗುವಾಗ, ಒಣಗಿ ಹಳತಾಗುವಾಗ ಸರ ಕಡಿದು ಮಣಿ ಬಿಡಿಯಾದರೆ ಮಾತ್ರ ನಾಲಗೆಗೆ ಗೊತ್ತಾಗುತ್ತದೆ. ಕಾಯಿ ಟೊಮೆಟೊದ ಸಾರಿಗೂ ಕೆಂಪಗೆ ಹಣ್ಣಾದ ಟೊಮೆಟೊದ ಸಾರಿಗೂ ಇರುವ ವ್ಯತ್ಯಾಸ ಬರೀ ಹುಳಿಯದಲ್ಲ. ಕರಾವಳಿಯವರು ಒಣಸಿಗಡಿ ಚಟ್ನಿಯಲ್ಲಿ ಚೂರೇ ಚೂರು ಸಿಗಡಿಯಿಂದ ಅಷ್ಟೊಂದು ರುಚಿ ಎಬ್ಬಿಸುವುದರಲ್ಲೂ ಈ ಬಿಡಿ ಗ್ಲುಟಮೇಟಿನ ಪಾಲಿದೆ. ಟೇಸ್ಟಿಂಗ್ ಪೌಡರ್ ಎಂದರೆ ಈ ಗ್ಲುಟಾಮಿಕ್ ಆಮ್ಲದ ಸೋಡಿಯಂ ಲವಣ, ಮಾನೋಸೋಡಿಯಂ ಗ್ಲುಟಮೇಟ್. ಚಿಕ್ಕದಾಗಿ ಎಂಎಸ್‌ಜಿ. ಕಂಪನಿಯೊಂದರ ಹೆಸರೇ ವಸ್ತುವಿನ ಹೆಸರಾಗಿ ನಮ್ಮ ಅಂಗಡಿಗಳಲ್ಲಿ ಅದು ಅಜಿನೊಮೊಟೊ ಆಗಿದೆ.

ಈ ರುಚಿಯನ್ನು ಗುರುತಿಸಿ ಹೆಸರಿಟ್ಟವರು ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಯ್ ಇಕೆಡಾ, ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ನಮಗೆ ಸಾರು ಹೇಗೋ ಜಪಾನೀಯರಿಗೆ ದಾಶಿ ಹಾಗೆ. ಕೊಂಬು ಎಂಬ ಕಡಲಪಾಚಿಯ ಅಗಲವಾದ ಒಣ ಪಟ್ಟಿಯನ್ನು ನೀರಿನಲ್ಲಿ ಹದವಾಗಿ ಕಾಯಿಸಿ ತೆಗೆದ ತಿಳಿ ಅದು. ಉಪ್ಪು ಹಾಕದಿದ್ದರೂ ಸಪ್ಪೆಯಲ್ಲದ, ಸಿಹಿಯೂ ಹುಳಿಯೂ ಅಲ್ಲದ ಆ ರುಚಿ ಯಾವುದರದು ಎಂಬ ಪ್ರಶ್ನೆ ಅವರನ್ನು ಹಿಡಿಯಿತು. 1908ರಲ್ಲಿ ಸುಮಾರು 12 ಕಿಲೊ ಕೊಂಬುವಿನಿಂದ ರಸ ಇಳಿಸಿ, ಅದರಲ್ಲಿದ್ದ ಉಪ್ಪು ಮತ್ತು ಸಿಹಿಯ ಅಂಶಗಳನ್ನು ಒಂದೊಂದಾಗಿ ಹರಳುಗಟ್ಟಿಸಿ ಹೊರಹಾಕಿ, ಕೊನೆಗೆ ಉಳಿದದ್ದರಿಂದ ಸುಮಾರು 30 ಗ್ರಾಂ ಹರಳು ಪಡೆದರು. ಅದು ಗ್ಲುಟಾಮಿಕ್ ಆಮ್ಲ. ಹೊಸ ವಸ್ತುವೇನೂ ಅಲ್ಲ, 1866ರಲ್ಲೇ ಜರ್ಮನಿಯ ರಿಟ್‌ಹೌಸನ್ ಗೋಧಿಯ ಅಂಟಿನಿಂದ ಅದನ್ನು ಬೇರ್ಪಡಿಸಿದ್ದರು. ಆದರೆ ಇದೇ ಒಂದು ರುಚಿಯ ಮೂಲ ಎಂದು ಅದುವರೆಗೆ ಯಾರೂ ಹೇಳಿರಲಿಲ್ಲ. ಇಕೆಡಾ ಆ ರುಚಿಯನ್ನು ಉಮಾಮಿ ಎಂದು ಕರೆದರು. ಬರೀ ಆಮ್ಲವಾಗಿ ಅದು ಹುಳಿ, ನೀರಿನಲ್ಲಿ ಸರಿಯಾಗಿ ಕರಗುವುದೂ ಇಲ್ಲ. ಸೋಡಿಯಂ ಜೊತೆ ಸೇರಿಸಿದರೆ ಸುಲಭವಾಗಿ ಕರಗುತ್ತದೆ, ಮಳೆಗಾಲದಲ್ಲೂ ಗಟ್ಟಿಯಾಗದೆ ಪುಡಿಪುಡಿಯಾಗಿಯೇ ಇರುತ್ತದೆ. ಮರುವರ್ಷವೇ ಅದು ಮಾರಾಟಕ್ಕೆ ಬಂತು. ಮೊದಮೊದಲು ಗೋಧಿಯ ಅಂಟನ್ನು ಆಮ್ಲದಲ್ಲಿ ಕುದಿಸಿ ಮಾಡುತ್ತಿದ್ದರು. 1950ರ ದಶಕದಲ್ಲಿ ಜಪಾನಿನಲ್ಲೇ ಗ್ಲುಟಮೇಟನ್ನು ಯಥೇಚ್ಛವಾಗಿ ಹೊರಹಾಕುವ ಒಂದು ಮಣ್ಣಿನ ಬ್ಯಾಕ್ಟೀರಿಯ ಸಿಕ್ಕಿತು. ಈಗ ಕಬ್ಬಿನ ಕಾಕಂಬಿ, ಮೆಕ್ಕೆಜೋಳದ ಪಿಷ್ಟ ಇಂಥವನ್ನು ಆ ಬ್ಯಾಕ್ಟೀರಿಯಕ್ಕೆ ಉಣಿಸಿ, ಇಡ್ಲಿ ಹಿಟ್ಟು ಹುದುಗಿಸುವಂತೆ ಹುದುಗಿಸಿ ತೆಗೆಯುತ್ತಾರೆ.

ಉಮಾಮಿ ಹೇಗಿರುತ್ತದೆ ಎಂದು ಮಾತಿನಲ್ಲಿ ಹೇಳುವುದು ಕಷ್ಟ. ನಮ್ಮ ಷಡ್ರಸಗಳ ಪಟ್ಟಿಯಲ್ಲಿ ಅದಕ್ಕೆ ಹೆಸರಿಲ್ಲ. ಬೇಕಿದ್ದರೆ ಹೀಗೆ ನೋಡಬಹುದು. ಬೇಳೆಯಿಲ್ಲದ ತೆಳು ಟೊಮೆಟೊ ಸಾರನ್ನು ಎರಡು ಲೋಟಕ್ಕೆ ಬಗ್ಗಿಸಿ, ಒಂದಕ್ಕೆ ಮಾತ್ರ ಎರಡು ಬೆರಳಲ್ಲಿ ಹಿಡಿಯುವಷ್ಟು ಎಂಎಸ್‌ಜಿ ಹಾಕಿ ಕಲಕಿ. ಮೊದಲು ಹಾಕದ್ದನ್ನು ಕುಡಿಯಿರಿ, ಆಮೇಲೆ ಹಾಕಿದ್ದನ್ನು. ಎರಡನೆಯದರಲ್ಲಿ ಉಪ್ಪು ಹೆಚ್ಚಾದಂತೆ ಅನ್ನಿಸುವುದಿಲ್ಲ, ಸಾರು ದಪ್ಪಗಾದಂತೆ ಅನ್ನಿಸುತ್ತದೆ. ನುಂಗಿದ ಮೇಲೂ ನಾಲಗೆಯ ಮೇಲೆ ಏನೋ ಹರಡಿಕೊಂಡು ನಿಲ್ಲುತ್ತದೆ, ಕೆನ್ನೆಯ ಒಳಗೆ ಜೊಲ್ಲು ಒಸರುತ್ತದೆ. ಹರಳನ್ನೇ ನೇರ ನಾಲಗೆಗಿಟ್ಟರೆ ಅಷ್ಟೇನೂ ಹಿತವಲ್ಲ, ಉಪ್ಪುಪ್ಪಾಗಿ, ಸ್ವಲ್ಪ ಒಗರಾಗಿ, ಬಹಳ ಹೊತ್ತು ಬಾಯಲ್ಲೇ ಉಳಿಯುತ್ತದೆ. ಈ ಕೊನೆಯ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇದು ಬರೀ ಭ್ರಮೆಯಲ್ಲ, ನಾಲಗೆಯಲ್ಲಿ ಇದಕ್ಕೆಂದೇ ಬಾಗಿಲಿದೆ ಎಂಬುದು ಖಚಿತವಾಗಲು ತೊಂಬತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಗ್ಲುಟಮೇಟನ್ನು ಹಿಡಿಯುವ ಗ್ರಾಹಕಗಳು ರುಚಿಮೊಗ್ಗುಗಳಲ್ಲಿ ಗುರುತಾದದ್ದು 2000ದ ಆಸುಪಾಸಿನಲ್ಲಿ. ಅಷ್ಟರೊಳಗೆ ಈ ಹರಳು ಲೋಕದ ಕಣ್ಣಲ್ಲಿ ಅಪರಾಧಿಯಾಗಿ ಮೂವತ್ತು ವರ್ಷವಾಗಿತ್ತು.

ಅದಕ್ಕೆ ಕಾರಣ ಒಂದು ಪತ್ರ. 1968ರ ಏಪ್ರಿಲ್ 4ರ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಸಂಚಿಕೆಯ ಪತ್ರಗಳ ಅಂಕಣದಲ್ಲಿ ರಾಬರ್ಟ್ ಹೋ ಮಾನ್ ಕ್ವಾಕ್ ಎಂಬ ವೈದ್ಯರು ಬರೆದದ್ದು. ಅವರು ಚೀನಾ ಮೂಲದವರು, ಅಮೆರಿಕದ ಮೇರಿಲ್ಯಾಂಡಿನಲ್ಲಿ ಸಂಶೋಧಕರಾಗಿದ್ದವರು. ಅಮೆರಿಕದ ಚೀನೀ ಹೋಟೆಲುಗಳಲ್ಲಿ, ಅದರಲ್ಲೂ ಉತ್ತರ ಚೀನಾದ ಅಡುಗೆ ಬಡಿಸುವ ಕಡೆ ಉಂಡಾಗ, ಮೊದಲ ತಿನಿಸು ತಿಂದ ಹದಿನೈದಿಪ್ಪತ್ತು ನಿಮಿಷಕ್ಕೆ ಕತ್ತಿನ ಹಿಂಭಾಗ ಜೋಮು ಹಿಡಿದಂತಾಗಿ ಅದು ತೋಳಿಗೂ ಬೆನ್ನಿಗೂ ಹರಡುತ್ತದೆ, ಸುಸ್ತಾಗುತ್ತದೆ, ಎದೆ ಡವಗುಟ್ಟುತ್ತದೆ, ಎರಡು ಗಂಟೆಯೊಳಗೆ ಎಲ್ಲ ಇಳಿದುಹೋಗುತ್ತದೆ ಎಂದು ಬರೆದರು. ಅವರು ಹೇಳಿದ ಮುಖ್ಯ ಲಕ್ಷಣಗಳಲ್ಲಿ ತಲೆನೋವು ಇಲ್ಲ. ಕಾರಣ ಏನಿರಬಹುದು ಎಂದು ತಾವೇ ಯೋಚಿಸಿದ್ದರು. ಸೋಯಾ ಸಾಸೇ? ಅದನ್ನು ಮನೆಯಲ್ಲೂ ಬಳಸುತ್ತೇನೆ, ಏನೂ ಆಗುವುದಿಲ್ಲ. ಅಡುಗೆಗೆ ಹಾಕುವ ಮದ್ಯವೇ? ಎಂಎಸ್‌ಜಿಯೇ? ಅಥವಾ ಆ ಊಟದಲ್ಲಿರುವ ವಿಪರೀತ ಉಪ್ಪೇ? ತಿಳಿದವರು ಪರಿಶೀಲಿಸಲಿ ಎಂದು ಕೇಳಿಕೊಂಡು ಪತ್ರ ಮುಗಿಸಿದರು.

ಒಬ್ಬ ವೈದ್ಯ ತನ್ನ ಮೈಗಾದದ್ದನ್ನು ಪ್ರಾಮಾಣಿಕವಾಗಿ ಬರೆದು, ನಾಲ್ಕು ಊಹೆ ಮುಂದಿಟ್ಟು ಕೇಳಿದ ಪ್ರಶ್ನೆ ಅದು. ಪತ್ರಿಕೆ ಅದಕ್ಕೆ "ಚೈನೀಸ್ ರೆಸ್ಟೋರೆಂಟ್ ಸಿಂಡ್ರೋಮ್" ಎಂಬ ತಲೆಬರಹ ಕೊಟ್ಟಿತು. ಹೆಸರು ಬಿದ್ದ ಮೇಲೆ ಪ್ರಶ್ನೆ ಹೋಗಿ ಕಾಯಿಲೆ ಉಳಿಯಿತು. ಮುಂದಿನ ವಾರಗಳಲ್ಲಿ ನನಗೂ ಹೀಗಾಗುತ್ತದೆ ಎಂದು ಓದುಗ ವೈದ್ಯರ ಪತ್ರಗಳು ಬಂದವು. ಒಬ್ಬೊಬ್ಬರು ಒಂದೊಂದು ಲಕ್ಷಣ ಸೇರಿಸಿದರು, ತಲೆನೋವು ಆ ಗುಂಪಿನಲ್ಲಿ ಸೇರಿಕೊಂಡಿತು. ನಾಲ್ಕು ಊಹೆಗಳಲ್ಲಿ ಮೂರನ್ನು ಜನ ಮರೆತರು. ಅದೇ ಅಮೆರಿಕದ ಡಬ್ಬಿ ಸೂಪುಗಳಲ್ಲಿ, ಪೊಟ್ಟಣದ ಕುರುಕಲುಗಳಲ್ಲಿ ಆಗಲೇ ಎಂಎಸ್‌ಜಿ ಧಾರಾಳವಾಗಿತ್ತು. ಅವನ್ನು ತಿಂದವರ ಕಾಯಿಲೆಗೆ ಯಾರೂ ಹೆಸರಿಡಲಿಲ್ಲ. ಒಂದು ಸಮುದಾಯದ ಅಡುಗೆಮನೆಯ ಮೇಲೆ ಮಾತ್ರ ಬೆರಳು ತೋರಿದ್ದು ಅನ್ಯಾಯ. ಅಮೆರಿಕದ ಚೀನೀ ಹೋಟೆಲಿನವರು ಅದರ ಬೆಲೆ ತೆತ್ತರು, ಎಂಎಸ್‌ಜಿ ಬಳಸುವುದಿಲ್ಲ ಎಂದು ಬೋರ್ಡು ಹಾಕಿಕೊಂಡು ದಶಕಗಟ್ಟಲೆ ವ್ಯಾಪಾರ ಮಾಡಿದರು.

ಭಯ ಬಲವಾದದ್ದು ಮರುವರ್ಷ. 1969ರಲ್ಲಿ ಜಾನ್ ಓಲ್ನಿ ಎಂಬ ಸಂಶೋಧಕರು ಆಗತಾನೆ ಹುಟ್ಟಿದ ಇಲಿಮರಿಗಳ ಚರ್ಮದಡಿಗೆ ಎಂಎಸ್‌ಜಿ ಚುಚ್ಚಿ, ಮಿದುಳಿನ ಜೀವಕೋಶಗಳು ಸತ್ತಿದ್ದನ್ನು ತೋರಿಸಿದರು. ಪ್ರಯೋಗ ಸುಳ್ಳಲ್ಲ. ಆದರೆ ಪ್ರಮಾಣ ನೋಡಿ. ಮರಿಯ ತೂಕದ ಪ್ರತಿ ಗ್ರಾಮಿಗೆ ಅರ್ಧದಿಂದ ನಾಲ್ಕು ಮಿಲಿಗ್ರಾಂ. ಅರವತ್ತು ಕಿಲೊ ತೂಗುವ ಮನುಷ್ಯನಿಗೆ ಲೆಕ್ಕ ಹಾಕಿದರೆ ಒಂದೇ ಸಲಕ್ಕೆ 30ರಿಂದ 240 ಗ್ರಾಂ, ಅದೂ ಸೂಜಿಯಲ್ಲಿ. ಬಾಯಿಂದ ಹೋದ ಗ್ಲುಟಮೇಟಿನ ದಾರಿಯೇ ಬೇರೆ. ಅದರ ಬಹುಪಾಲನ್ನು ಕರುಳಿನ ಗೋಡೆಯ ಜೀವಕೋಶಗಳೇ ಉರುವಲಾಗಿ ಬಳಸಿಕೊಳ್ಳುತ್ತವೆ, ರಕ್ತದವರೆಗೆ ಬರುವುದು ಸ್ವಲ್ಪ. ಹಾಗೆ ಬಂದದ್ದನ್ನೂ ರಕ್ತ ಮತ್ತು ಮಿದುಳಿನ ನಡುವಿನ ತಡೆ ಸಲೀಸಾಗಿ ಒಳಗೆ ಬಿಡುವುದಿಲ್ಲ. ಮಿದುಳು ತನ್ನ ಸಂದೇಶಗಳಿಗೆ ಬೇಕಾದ ಗ್ಲುಟಮೇಟನ್ನು ತಾನೇ ತಯಾರಿಸಿಕೊಳ್ಳುತ್ತದೆ. ಸಾಮಾನ್ಯ ಊಟದ ಪ್ರೋಟೀನಿನಿಂದ ದೊಡ್ಡವರಿಗೆ ದಿನಕ್ಕೆ ಸುಮಾರು 13 ಗ್ರಾಂ ಗ್ಲುಟಮೇಟ್ ಸಿಗುತ್ತದೆ, ಸೇರಿಸಿದ ಎಂಎಸ್‌ಜಿಯಿಂದ ಬರುವುದು ಅರ್ಧ ಗ್ರಾಮಿನ ಆಸುಪಾಸು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಹೇಳುತ್ತದೆ. ಎರಡೂ ದೇಹಕ್ಕೆ ಒಂದೇ. ತಾಯಿಯ ಹಾಲಿನಲ್ಲಿ ಬಿಡಿ ಗ್ಲುಟಮೇಟ್ ಹಸುವಿನ ಹಾಲಿಗಿಂತ ಎಷ್ಟೋ ಪಟ್ಟು ಹೆಚ್ಚು.

ಇಷ್ಟಾದರೂ "ನನಗೆ ತಲೆನೋವು ಬಂದದ್ದು ನಿಜವಲ್ಲವೇ" ಎಂದು ಕೇಳುವವರಿಗೆ ಕರುಳಿನ ಕಥೆ ಉತ್ತರವಾಗುವುದಿಲ್ಲ. ನೋವು ನಿಜವೇ. ಅದು ಯಾವುದರಿಂದ ಎಂಬುದಷ್ಟೇ ಪ್ರಶ್ನೆ, ಮತ್ತು ಅದನ್ನು ಪರೀಕ್ಷೆ ಮಾಡಿಯೇ ತಿಳಿಯಬೇಕು. ಒಬ್ಬ ವ್ಯಕ್ತಿಗೆ ಒಂದು ಸಲ ಎಂಎಸ್‌ಜಿ ಇರುವುದನ್ನು, ಇನ್ನೊಂದು ಸಲ ಇಲ್ಲದ್ದನ್ನು ಕೊಡಬೇಕು. ಯಾವುದು ಯಾವುದೆಂದು ತಿನ್ನುವವರಿಗೂ ತಿಳಿದಿರಬಾರದು, ಕೊಟ್ಟು ಲಕ್ಷಣ ಬರೆದುಕೊಳ್ಳುವವರಿಗೂ ತಿಳಿದಿರಬಾರದು. ಹೇಳುವುದಕ್ಕೆ ಸುಲಭ. ತೊಡಕು ಇರುವುದು ನಾಲಗೆಯಲ್ಲಿ. ನೀರಿಗೋ ಹಣ್ಣಿನ ಪಾನಕಕ್ಕೋ ಮೂರು ಗ್ರಾಂ ಎಂಎಸ್‌ಜಿ ಬೆರೆಸಿದರೆ ಮೊದಲ ಗುಟುಕಿಗೇ ಗೊತ್ತಾಗಿಬಿಡುತ್ತದೆ. "ಓ, ಇದು ಅದೇ" ಎಂದು ಮನಸ್ಸು ಹೇಳಿದ ಮೇಲೆ ಕತ್ತು ಬಿಗಿಯಲು, ಹಣೆ ಸಿಡಿಯಲು ಎಂಎಸ್‌ಜಿಯೇ ಬೇಕಿಲ್ಲ, ನಿರೀಕ್ಷೆ ಸಾಕು. ಮೊದಮೊದಲ ಎಷ್ಟೋ ಪ್ರಯೋಗಗಳು ಎಡವಿದ್ದು ಇಲ್ಲೇ.

ಈ ತೊಡಕನ್ನು ಗಂಭೀರವಾಗಿ ತೆಗೆದುಕೊಂಡು ಮಾಡಿದ ದೊಡ್ಡ ಪ್ರಯೋಗ 2000ದಲ್ಲಿ ಪ್ರಕಟವಾಯಿತು. ಬಾಸ್ಟನ್ನಿನ ರೈಫ್ ಗೇಹಾ ಮತ್ತು ಸಂಗಡಿಗರು ಅಮೆರಿಕದ ಮೂರು ಕೇಂದ್ರಗಳಲ್ಲಿ ಅದನ್ನು ನಡೆಸಿದರು. ಅವರು ಕರೆದದ್ದು ಯಾರನ್ನೋ ಅಲ್ಲ, ತಮಗೆ ಎಂಎಸ್‌ಜಿ ಆಗುವುದಿಲ್ಲ ಎಂದು ತಾವೇ ಹೇಳಿಕೊಂಡ 130 ಜನರನ್ನು. ಹತ್ತು ಲಕ್ಷಣಗಳ ಪಟ್ಟಿಯಲ್ಲಿ ಎರಡು ಗಂಟೆಯೊಳಗೆ ಎರಡಾದರೂ ಕಾಣಿಸಿದರೆ ತೊಂದರೆ ಆಯಿತೆಂದು ಲೆಕ್ಕ. ಮೊದಲ ಸುತ್ತಿನಲ್ಲಿ ಊಟವಿಲ್ಲದೆ 5 ಗ್ರಾಂ ಎಂಎಸ್‌ಜಿ ಒಮ್ಮೆ, ಏನೂ ಇಲ್ಲದ ಹುಸಿಮದ್ದು ಇನ್ನೊಮ್ಮೆ. ಐದು ಗ್ರಾಂ ಎಂದರೆ ಒಂದು ಟೀ ಚಮಚ. ಎಂಎಸ್‌ಜಿ ಹಾಕಿದ ತಿನಿಸಿನ ಒಂದು ಪಾಲಿನಲ್ಲಿ ಸಾಮಾನ್ಯವಾಗಿ ಅರ್ಧ ಗ್ರಾಮಿಗಿಂತ ಕಡಿಮೆಯೇ ಇರುವುದರಿಂದ ಇದು ಹತ್ತು ಪ್ಲೇಟಿನಷ್ಟನ್ನು ಒಂದೇ ಸಲಕ್ಕೆ ಕೊಟ್ಟ ಹಾಗೆ.

50 ಜನರಿಗೆ ಎಂಎಸ್‌ಜಿಯಿಂದ ಮಾತ್ರ ತೊಂದರೆಯಾಯಿತು. 17 ಜನರಿಗೆ ಹುಸಿಮದ್ದಿನಿಂದ ಮಾತ್ರ, 19 ಜನರಿಗೆ ಎರಡರಿಂದಲೂ. ಉಳಿದವರಿಗೆ ಯಾವುದರಿಂದಲೂ ಏನೂ ಆಗಲಿಲ್ಲ. ಇಲ್ಲಿ ಎರಡು ಸಂಗತಿ ಒಟ್ಟಿಗೆ ಇವೆ, ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡಬಾರದು. ಐವತ್ತು ಎಂಬುದು ಹದಿನೇಳಕ್ಕಿಂತ ಸ್ಪಷ್ಟವಾಗಿ ಹೆಚ್ಚು. ಹಾಗೆಯೇ, ಹುಸಿಮದ್ದು ಕುಡಿದು ತೊಂದರೆ ಹೇಳಿದವರೂ 36 ಜನ. ಇಲ್ಲಿಗೇ ನಿಲ್ಲಿಸಿದ್ದರೆ ಎಂಎಸ್‌ಜಿ ತಪ್ಪಿತಸ್ಥ ಎಂದು ಬರೆಯಬಹುದಿತ್ತು. ಅವರು ನಿಲ್ಲಿಸಲಿಲ್ಲ. ನಿಜವಾದ ಅಸಹನೆಯಾದರೆ ಅದು ಮತ್ತೆ ಮತ್ತೆ ಬರಬೇಕು. ಕಡಲೆಕಾಯಿ ಅಲರ್ಜಿ ಇದ್ದವರಿಗೆ ಈ ಸೋಮವಾರ ಆಗಿ ಮುಂದಿನ ಸೋಮವಾರ ಆಗದೆ ಇರುವುದಿಲ್ಲ. ಎರಡನೆಯ ಸುತ್ತಿನಲ್ಲಿ ಬೇರೆಬೇರೆ ಪ್ರಮಾಣ ಕೊಟ್ಟರು. ಎರಡೂ ಸುತ್ತಿನಲ್ಲಿ 5 ಗ್ರಾಮಿಗೆ ಆಗಿ ಹುಸಿಮದ್ದಿಗೆ ಆಗದವರು 37 ಜನ ಉಳಿದರು. ಮೂರನೆಯ ಸುತ್ತಿನಲ್ಲೂ ಹಾಗೆಯೇ ಆದವರು 19. ನಾಲ್ಕನೆಯ ಸುತ್ತಿನಲ್ಲಿ ಎಂಎಸ್‌ಜಿಯನ್ನು ಊಟದ ಜೊತೆ ಕೊಟ್ಟರು. ಆ ಹತ್ತೊಂಬತ್ತರಲ್ಲಿ ಎಂಎಸ್‌ಜಿ ಕೊಟ್ಟಾಗಲೆಲ್ಲ ಆಗಿ, ಹುಸಿಮದ್ದಿಗೆ ಆಗದವರು ಇಬ್ಬರು. ಆ ಇಬ್ಬರಿಗೂ ಹಿಂದಿನ ಸುತ್ತಿನಲ್ಲಿ ಬಂದ ಲಕ್ಷಣವೇ ಮತ್ತೆ ಬರಲಿಲ್ಲ.

ಹಾಗಾದರೆ ಇಷ್ಟು ಹೇಳಬಹುದು. ಖಾಲಿ ಹೊಟ್ಟೆಯಲ್ಲಿ, ಊಟವಿಲ್ಲದೆ, ಮೂರು ಗ್ರಾಮಿಗೂ ಮೇಲ್ಪಟ್ಟು ಎಂಎಸ್‌ಜಿ ಕುಡಿದ ಕೆಲವರಿಗೆ ಸ್ವಲ್ಪ ಹೊತ್ತು ಏನೋ ಆಗಬಹುದು. ಅದು ತಾನಾಗಿಯೇ ಹೋಗುತ್ತದೆ, ಎಲ್ಲ ಸಲವೂ ಬರುವುದಿಲ್ಲ. ಊಟದ ಜೊತೆ ಬರುವ ಪ್ರಮಾಣಕ್ಕೆ ಇಂಥದೊಂದು ಕಾಯಿಲೆ ಇದೆ ಎನ್ನಲು ಆಧಾರ ಸಿಕ್ಕಿಲ್ಲ. ತಲೆನೋವಿನ ವಿಷಯದಲ್ಲೂ ಹೀಗೆಯೇ ಆಗಿದೆ. ಜಗತ್ತಿನ ತಲೆನೋವುಗಳನ್ನೆಲ್ಲ ವಿಂಗಡಿಸಿ ಪಟ್ಟಿ ಮಾಡುವ ಇಂಟರ್‌ನ್ಯಾಷನಲ್ ಹೆಡೇಕ್ ಸೊಸೈಟಿ 2004ರ ಆವೃತ್ತಿಯಲ್ಲಿ "ಎಂಎಸ್‌ಜಿಯಿಂದ ಬರುವ ತಲೆನೋವು" ಎಂದೇ ಒಂದು ಬಗೆಯನ್ನು ಸೇರಿಸಿತ್ತು. 2016ರಲ್ಲಿ ಜಪಾನಿನ ಇಬ್ಬರು ಸಂಶೋಧಕರು ಅದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಊಟದ ಜೊತೆ ಕೊಟ್ಟ ಪ್ರಯೋಗಗಳಲ್ಲಿ ಹೆಚ್ಚಿನವು ವ್ಯತ್ಯಾಸ ತೋರಿಸಿರಲಿಲ್ಲ. ದ್ರಾವಣವಾಗಿ ಕುಡಿಸಿದ ಕಡೆ ವ್ಯತ್ಯಾಸ ಕಂಡದ್ದು ರುಚಿಯಿಂದಲೇ ಗುಟ್ಟು ರಟ್ಟಾಗುವಷ್ಟು ಗಾಢವಾಗಿದ್ದಾಗ. 2018ರ ಆವೃತ್ತಿ ಬಂದಾಗ ಪಟ್ಟಿಯಲ್ಲಿ ಆ ಬಗೆ ಇರಲಿಲ್ಲ.

ನಮ್ಮ ದೇಶದಲ್ಲಿ ಎಂಎಸ್‌ಜಿ ಮನೆಮಾತಾದದ್ದು 2015ರ ಮ್ಯಾಗಿ ಗಲಾಟೆಯಲ್ಲಿ. ಅಲ್ಲಿ ಎರಡು ಆರೋಪ ಒಟ್ಟಿಗೆ ಬಂದವು, ಸೀಸ ಇದೆ ಎಂಬುದು ಒಂದು, ಎಂಎಸ್‌ಜಿ ಸೇರಿಸಿಲ್ಲ ಎಂದು ಬರೆದಿದ್ದರೂ ಇದೆ ಎಂಬುದು ಇನ್ನೊಂದು. ಸೀಸ ವಿಷ, ಅದರ ವಿಚಾರಣೆ ಬೇರೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಹೇಳಿ ಎಂಎಸ್‌ಜಿಯೂ ವಿಷದ ಸಾಲಿಗೆ ಸೇರಿತು. ಗೋಧಿಯಲ್ಲಿ, ಈರುಳ್ಳಿ ಟೊಮೆಟೊ ಪುಡಿಯಲ್ಲಿ ತಾನಾಗಿ ಇರುವ ಗ್ಲುಟಮೇಟನ್ನೂ ಹೊರಗಿಂದ ಹಾಕಿದ್ದನ್ನೂ ಪ್ರಯೋಗಾಲಯದ ಪರೀಕ್ಷೆ ಬೇರೆ ಮಾಡಿ ತೋರಿಸಲಾರದು ಎಂಬುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಒಪ್ಪಿಕೊಂಡಿತು. ಆ ಸುದ್ದಿ ಅಷ್ಟು ದೂರ ಹೋಗಲಿಲ್ಲ.

ಹೋಟೆಲಿನಿಂದ ಬಂದ ಮೇಲೆ ತಲೆ ಸಿಡಿಯುವವರು ಏನು ಮಾಡಬೇಕು? ಮೊದಲು ಎಲ್ಲವನ್ನೂ ಬರೆದಿಡುವುದು ಒಳ್ಳೆಯದು. ಆ ದಿನ ಊಟ ಎಷ್ಟು ತಡವಾಯಿತು, ನೀರು ಕುಡಿದಿರಾ, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು, ಮದ್ಯ ಇತ್ತೇ, ಎಷ್ಟು ಕಾಫಿ ತಪ್ಪಿತು. ಹಸಿವು, ನಿದ್ದೆಗೇಡು, ಮದ್ಯ, ಕಾಫಿ ತಪ್ಪುವುದು ಇವು ತಲೆನೋವು ತರುತ್ತವೆ ಎಂಬುದಕ್ಕೆ ಎಂಎಸ್‌ಜಿಗಿಂತ ಗಟ್ಟಿಯಾದ ಆಧಾರವಿದೆ. ಮನೆಯಲ್ಲಿ ಅಣಬೆ ಪಲ್ಯ, ಟೊಮೆಟೊ ಗೊಜ್ಜು ತಿಂದ ದಿನಗಳನ್ನೂ ಬರೆಯಿರಿ.

ಅನುಮಾನ ಉಳಿದರೆ ಮನೆಯವರೊಬ್ಬರ ನೆರವಿನಿಂದ ಪರೀಕ್ಷಿಸಬಹುದು. ಆಸ್ತಮಾ ಇದ್ದವರು, ಮೈಗ್ರೇನ್ ತೀವ್ರವಾಗಿ ಬರುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬೇಡಿ. ಆರು ಸಂಜೆ ಅದೇ ಅಡುಗೆ ಮಾಡಿ, ರುಚಿಯಿಂದ ಗುಟ್ಟು ಬಯಲಾಗದ ಹಾಗೆ ಮಸಾಲೆ, ಟೊಮೆಟೊ ಚೆನ್ನಾಗಿರುವ ಗೊಜ್ಜನ್ನೇ ಆರಿಸಿಕೊಳ್ಳಿ. ಬಡಿಸುವವರು ಅಡುಗೆಮನೆಯಲ್ಲೇ ನಾಣ್ಯ ಚಿಮ್ಮಿ, ಬಿದ್ದ ಮುಖಕ್ಕೆ ತಕ್ಕಂತೆ ನಿಮ್ಮ ಬಟ್ಟಲಿಗೆ ಅರ್ಧ ಗ್ರಾಂ, ಅಂದರೆ ಟೀ ಚಮಚದ ಹತ್ತನೇ ಒಂದು ಪಾಲು, ಹಾಕಲಿ ಅಥವಾ ಬಿಡಲಿ, ಚೀಟಿಯಲ್ಲಿ ಗುರುತು ಮಾಡಿ ಮಡಚಿಡಲಿ. ತಿಂದ ಎರಡು ಗಂಟೆಯ ಮೇಲೆ ನೀವು ನಿಮ್ಮ ಚೀಟಿಯಲ್ಲಿ "ನೋವು ಬಂತು" ಅಥವಾ "ಇಲ್ಲ" ಎಂದು ಬರೆಯಿರಿ. ಆರೂ ದಿನ ಮುಗಿಯುವವರೆಗೆ ಯಾವ ಚೀಟಿಯನ್ನೂ ಬಿಚ್ಚಬಾರದು. ಬರೀ ಅದೃಷ್ಟದಿಂದ ಆರಕ್ಕೆ ಆರೂ ತಾಳೆಯಾಗುವ ಸಾಧ್ಯತೆ ಅರವತ್ನಾಲ್ಕರಲ್ಲಿ ಒಂದು. ಮೂರೋ ನಾಲ್ಕೋ ತಾಳೆಯಾದರೆ ಅದು ನಾಣ್ಯವೇ ಕೊಡುವ ಉತ್ತರ. ಆರೂ ತಾಳೆಯಾದರೆ ನಿಮ್ಮ ಮಾತಿನಲ್ಲಿ ಹುರುಳಿರಬಹುದು, ಆ ಚೀಟಿಗಳನ್ನು ವೈದ್ಯರಿಗೆ ತೋರಿಸಿ.

ಉಪ್ಪಿನ ಲೆಕ್ಕವೂ ಒಂದಿದೆ. ಎಂಎಸ್‌ಜಿಯಲ್ಲಿ ಸೋಡಿಯಂ ನೂರಕ್ಕೆ 12ರಷ್ಟು, ಅಡುಗೆ ಉಪ್ಪಿನಲ್ಲಿ ನೂರಕ್ಕೆ 39ರಷ್ಟು. ಉಪ್ಪಿನ ಒಂದು ಪಾಲನ್ನು ತೆಗೆದು ಅಲ್ಲಿ ಚೂರು ಎಂಎಸ್‌ಜಿ ಹಾಕಿದರೆ ರುಚಿ ಕೆಡದೆ ಸೋಡಿಯಂ ಕಡಿಮೆಯಾಗುತ್ತದೆ. ಉಪ್ಪನ್ನೂ ಹಾಗೇ ಇಟ್ಟು ಇದನ್ನೂ ಸುರಿದರೆ ರಕ್ತದೊತ್ತಡ ಇರುವವರಿಗೆ ಕೆಡುಕೇ. ಹಳಸಲು ತರಕಾರಿಯನ್ನು, ಕಳಪೆ ಸಾಮಾನನ್ನು ರುಚಿಕಟ್ಟಾಗಿಸಿ ದಾಟಿಸುವುದಕ್ಕೂ ಇದು ಬಳಕೆಯಾಗುತ್ತದೆ. ಆ ದೂರು ನ್ಯಾಯವಾದದ್ದು, ಆದರೆ ಅದು ಕೈಯ ಮೇಲಿನ ದೂರು, ಹರಳಿನ ಮೇಲಿನದಲ್ಲ.

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಆರೋಗ್ಯ ಇಲಾಖೆ ತೆಗೆಸಿದ 171 ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ಮೊನ್ನೆ ಅದೇ ಗಾಡಿಯ ಮುಂದೆ ನಿಂತಿದ್ದಾಗ ಬಾಣಲೆಯ ಪಕ್ಕದಲ್ಲಿದ್ದ ಡಬ್ಬಿಗಳನ್ನು ನೋಡಿದೆ. ಬಿಳಿ ಹರಳಿನದು ಎಂದಿನಂತೆ ಇತ್ತು. "ಅಣ್ಣಾ, ಕಲರ್ ಏನಾದ್ರೂ ಹಾಕ್ತೀರಾ?" ಎಂದು ಕೇಳಿದೆ. "ಈಗ ಇಲ್ಲ ಸರ್, ಬ್ಯಾಡಗಿ ಮೆಣಸಿನಕಾಯಿ ಪುಡಿ ಅಷ್ಟೇ" ಎಂದ. ಗೋಬಿ ಮುಂಚಿನಷ್ಟು ಕೆಂಪಗಿರಲಿಲ್ಲ. ತಿಂದ ಮೇಲೆ ಬೆರಳಿಗೂ ತುಟಿಗೂ ಬಣ್ಣ ಅಂಟಿರಲಿಲ್ಲ.